ಚಿಕ್ಕದು ಅಂತ ಓಡುವುದಲ್ಲ: ಹೈಡ್ರೋಜನ್ ಅಯಾನಿನ ವೇಗದ ಬಗ್ಗೆ ನನ್ನದೇ ಒಂದು ತಿದ್ದುಪಡಿ

ಇವತ್ತು ಅತಿಥಿಗಳು ಯಾರೂ ಇಲ್ಲ, ನಾನೊಬ್ಬನೇ. ಮೊದಲು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಮೈಟೋಕಾಂಡ್ರಿಯದ ಬಗ್ಗೆ ಮಾತಾಡಿದ ಸಂಚಿಕೆಯಲ್ಲಿ ನಾನು ಹೀಗೆ ಹೇಳಿದ್ದೆ: "ಹೈಡ್ರೋಜನ್ ಅಯಾನು ಎಲ್ಲ ಅಯಾನುಗಳಿಗಿಂತ ಚಿಕ್ಕದು, ಅದಕ್ಕೇ ನೀರಿನಲ್ಲಿ ಎಲ್ಲಕ್ಕಿಂತ ವೇಗವಾಗಿ ಓಡುತ್ತದೆ." ಆ ವಾರವೇ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವ ಕೇಳುಗರೊಬ್ಬರಿಂದ ಒಂದೇ ಸಾಲಿನ ಮೇಲ್ ಬಂತು. "ಸರ್, ಹಾಗಾದ್ರೆ ಲಿಥಿಯಂ ಯಾಕೆ ಹಿಂದೆ ಬೀಳುತ್ತೆ?"

ಅಷ್ಟೇ. ಬೈಗುಳ ಇಲ್ಲ, ವಿವರಣೆ ಇಲ್ಲ. ಆದರೆ ಆ ಒಂದು ಸಾಲಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದರೆ ನಾನು ಹೇಳಿದ್ದು ತಪ್ಪು. ಇದು ಬಾಯಿತಪ್ಪಿ ಬಂದ ಮಾತೂ ಅಲ್ಲ. ಹದಿನೇಳನೇ ವಯಸ್ಸಿನಲ್ಲಿ ಕಲಿತದ್ದನ್ನು ಡಾಕ್ಟರೇಟ್ ಆದ ಮೇಲೂ ಹಾಗೇ ಹೊತ್ತುಕೊಂಡು ತಿರುಗಿದ್ದೆ. ಈ "ಚಿಕ್ಕದು, ಅದಕ್ಕೇ ವೇಗ" ಅನ್ನೋ ವಿವರಣೆಯನ್ನು ನಾವು ಹೇಳಿಕೊಡುವುದನ್ನೇ ನಿಲ್ಲಿಸಬೇಕು ಅಂತ ನನಗೆ ಈಗ ಅನ್ನಿಸುತ್ತಿದೆ. ಅರ್ಧ ಸರಿ ಇರುವ ಸರಳೀಕರಣ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಇದು ದಿಕ್ಕನ್ನೇ ತಪ್ಪಿಸುತ್ತದೆ. ಯಾಕೆ ಅಂತ ಹೇಳ್ತೀನಿ.

ಮೊದಲು ಲಿಥಿಯಂ ಮೇಷ್ಟ್ರ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ನೀರಿನಲ್ಲಿ ಕರಗಿದ ಅಯಾನು ವಿದ್ಯುತ್ತನ್ನು ಎಷ್ಟು ಚೆನ್ನಾಗಿ ಸಾಗಿಸುತ್ತದೆ ಅನ್ನುವುದಕ್ಕೆ ಒಂದು ಅಳತೆ ಇದೆ, ಮೋಲಾರ್ ವಾಹಕತೆ ಅಂತ. ಅದರ ಏಕಮಾನ ಉದ್ದವಾಗಿದೆ, ಸೀಮೆನ್ಸ್ ಚದರ ಸೆಂಟಿಮೀಟರ್ ಪ್ರತಿ ಮೋಲ್‌ಗೆ. ಪ್ರತಿ ಸಲ ಅದನ್ನು ಹೇಳೋದಿಲ್ಲ, ಬರೀ ಸಂಖ್ಯೆ ಹೇಳ್ತೀನಿ. ಒಂದೇ ಆವೇಶ ಇರುವ ಅಯಾನುಗಳಲ್ಲಿ ಯಾರ ಸಂಖ್ಯೆ ದೊಡ್ಡದೋ ಅವರ ವೇಗ ಜಾಸ್ತಿ, ಅಷ್ಟು ನೆನಪಿಟ್ಟುಕೊಂಡರೆ ಸಾಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತುಂಬಾ ತೆಳುವಾದ ದ್ರಾವಣದಲ್ಲಿ, ಲಿಥಿಯಂ ಅಯಾನಿಗೆ 38.7. ಸೋಡಿಯಂಗೆ 50.1. ಪೊಟ್ಯಾಸಿಯಂಗೆ 73.5.

ಈಗ ಗಾತ್ರ ನೋಡಿ. ಹರಳಿನಲ್ಲಿ ಅಳೆದರೆ ಈ ಮೂವರಲ್ಲಿ ಲಿಥಿಯಂ ಎಲ್ಲಕ್ಕಿಂತ ಚಿಕ್ಕದು, ಪೊಟ್ಯಾಸಿಯಂ ಎಲ್ಲಕ್ಕಿಂತ ದೊಡ್ಡದು. ಅಂದರೆ ಚಿಕ್ಕದಾದಷ್ಟೂ ನಿಧಾನ! ಕಾರಣ ಕಷ್ಟದ್ದೇನಲ್ಲ. ಮೂವರಲ್ಲೂ ಇರುವ ಧನ ಆವೇಶ ಒಂದೇ, ಆದರೆ ಲಿಥಿಯಂನಲ್ಲಿ ಅದು ತೀರಾ ಪುಟ್ಟ ಜಾಗದಲ್ಲಿ ಕೂತಿದೆ. ಹಾಗಾಗಿ ಸುತ್ತಲಿನ ನೀರಿನ ಅಣುಗಳನ್ನು ಅದು ಬಿಗಿಯಾಗಿ ತಬ್ಬಿಕೊಳ್ಳುತ್ತದೆ. ಹೊರಟಾಗ ಅವನ್ನೂ ಎಳೆದುಕೊಂಡೇ ಹೋಗಬೇಕು. ಜಾತ್ರೆಗೆ ಒಬ್ಬನೇ ಹೊರಟವನಿಗೂ ಸೊಂಟದಲ್ಲೊಂದು, ಕೈಯಲ್ಲೊಂದು ಮಗು ಹಿಡಿದುಕೊಂಡು ಹೊರಟವನಿಗೂ ಇರುವ ವ್ಯತ್ಯಾಸ ಇದು.

ಈ ಲೆಕ್ಕ ಹೈಡ್ರೋಜನ್ ಅಯಾನಿಗೆ ಹಚ್ಚಿದರೆ ಏನಾಗಬೇಕಿತ್ತು? ಅದು ಬರೀ ಒಂದು ಪ್ರೋಟಾನ್. ಲಿಥಿಯಂಗಿಂತ ಸಾವಿರಾರು ಪಟ್ಟು ಚಿಕ್ಕದು. ನೀರಿನಲ್ಲಿ ಅದು ಬೆತ್ತಲೆಯಾಗಿ ಇರಲಾರದು. ಸಿಕ್ಕಿದ ನೀರಿನ ಅಣುವಿಗೆ ಅಂಟಿಕೊಂಡು ಹೈಡ್ರೋನಿಯಂ, ಅಂದರೆ H₃O⁺ ಆಗಿಬಿಡುತ್ತದೆ. ಹೈಡ್ರೋನಿಯಂನ ಗಾತ್ರ ಹೆಚ್ಚುಕಮ್ಮಿ ಪೊಟ್ಯಾಸಿಯಂ ಅಥವಾ ಅಮೋನಿಯಂ ಅಯಾನಿನಷ್ಟು. ಅಮೋನಿಯಂನ ಸಂಖ್ಯೆಯೂ ಸುಮಾರು 73.5. ಹಾಗಾದರೆ ಹೈಡ್ರೋನಿಯಂ ಕೂಡ ಎಲ್ಲರಂತೆ ಮೈ ಹೊತ್ತು ಈಜುವುದಾದರೆ ಅದರ ಸಂಖ್ಯೆ 70ರ ಆಸುಪಾಸು ಇರಬೇಕು. ಅಳೆದರೆ ಸಿಗುವುದು 349.8. ಐದು ಪಟ್ಟು. ಹೈಡ್ರಾಕ್ಸೈಡ್, ಅಂದರೆ OH⁻ ಅಯಾನಿಗೆ 198. ಅದಕ್ಕೆ ಹೋಲಿಸಲು ಕ್ಲೋರೈಡ್ ಇದೆ, 76.3.

ವೇಗ ಅಂದಾಕ್ಷಣ ನಮಗೆ ಬಾಣ, ಗುಂಡು ನೆನಪಾಗುತ್ತೆ. ಹಾಗೇನಿಲ್ಲ. ಒಂದು ಸೆಂಟಿಮೀಟರಿಗೆ ಒಂದು ವೋಲ್ಟ್‌ನಂತೆ ಒತ್ತಡ ಕೊಟ್ಟು ಒಂದು ಗಂಟೆ ಕಾದರೆ ಸೋಡಿಯಂ ಅಯಾನುಗಳು ಸರಾಸರಿ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ಸರಿದಿರುತ್ತವೆ. ಹೈಡ್ರೋಜನ್ ಅಯಾನು 13 ಸೆಂಟಿಮೀಟರ್. ಇರುವೆಗೂ ನಗು ಬರುವಂಥ ಓಟ. ಆದರೆ ನೀರಿನೊಳಗಿನ ಲೋಕದಲ್ಲಿ ಇದು ವಿಚಿತ್ರ. ಯಾಕೆ ಅಂದರೆ, ವೋಲ್ಟೇಜ್ ಇಲ್ಲದೆ ಸುಮ್ಮನೆ ಅಲೆಯುವಾಗಲೂ ಹೈಡ್ರೋಜನ್ ಅಯಾನು ನೀರಿನ ಅಣುವಿಗಿಂತ ನಾಲ್ಕು ಪಟ್ಟು ಬೇಗ ಹರಡುತ್ತದೆ. ನೀರಿನ ಅಣುವನ್ನು ಹೊತ್ತುಕೊಂಡು ಓಡಾಡುವವನು ಬರಿಗೈಯಲ್ಲಿರುವ ನೀರಿನ ಅಣುವಿಗಿಂತ ನಾಲ್ಕು ಪಟ್ಟು ವೇಗವಾಗಿ ಹೇಗೆ ಓಡ್ತಾನೆ? ಓಡೋದಿಲ್ಲ. ಅಲ್ಲಿ ನಡೆಯುತ್ತಿರುವುದು ಬೇರೆ ಏನೋ.

ಆ ಬೇರೆ ಏನೋ ಏನು ಅಂತ ಹೇಳುವ ಮೊದಲು ಇದನ್ನು ಕಣ್ಣಾರೆ ನೋಡುವ ಒಂದು ಪ್ರಯೋಗ ಹೇಳ್ತೀನಿ. ಮೇಲ್ ಓದಿದ ಮೇಲೆ, ಒಂದು ಶನಿವಾರ ಲ್ಯಾಬ್ ಖಾಲಿ ಇದ್ದಾಗ ನಾನೇ ಮಾಡಿ ನೋಡಿದೆ. ಬೇಕಾದ್ದು ಇಷ್ಟೇ: ಒಂದು ಕಂಡಕ್ಟಿವಿಟಿ ಮೀಟರ್, ಒಂದು ಬೀಕರ್, ಆಮ್ಲ, ಪ್ರತ್ಯಾಮ್ಲ. ಬೀಕರಿನಲ್ಲಿ 100 ಮಿಲಿಲೀಟರ್ ಹೈಡ್ರೋಕ್ಲೋರಿಕ್ ಆಮ್ಲ, ಸಾಂದ್ರತೆ ಲೀಟರಿಗೆ 0.01 ಮೋಲ್. ಮೇಲಿನಿಂದ ಹನಿಹನಿಯಾಗಿ ಹಾಕುವುದು ಸೋಡಿಯಂ ಹೈಡ್ರಾಕ್ಸೈಡ್, ಲೀಟರಿಗೆ 1 ಮೋಲ್. ಅದನ್ನು ಇಷ್ಟು ಗಟ್ಟಿ ಇಟ್ಟುಕೊಳ್ಳುವುದಕ್ಕೆ ಕಾರಣ ಇದೆ. ಆಮ್ಲ ಪೂರ್ತಿ ತಟಸ್ಥವಾಗಲು ಒಂದೇ ಮಿಲಿಲೀಟರ್ ಸಾಕು, ಹಾಗಾಗಿ ನೀರು ಬೆರೆತು ದ್ರಾವಣ ತೆಳುವಾಯಿತು ಅನ್ನುವ ಗೊಂದಲ ಇರುವುದಿಲ್ಲ.

ಶುರುವಿನಲ್ಲಿ ಬೀಕರಿನಲ್ಲಿ ಇರುವುದು ಹೈಡ್ರೋಜನ್ ಅಯಾನು ಮತ್ತು ಕ್ಲೋರೈಡ್. ಎರಡರ ಸಂಖ್ಯೆ ಕೂಡಿಸಿ: 349.8 ಮತ್ತು 76.3, ಒಟ್ಟು 426.1. ನಮ್ಮ ಸಾಂದ್ರತೆಗೆ ಇದು ಸೆಂಟಿಮೀಟರಿಗೆ 4.26 ಮಿಲಿಸೀಮೆನ್ಸ್ ಆಗಬೇಕು. ನಿಜವಾದ ಮೀಟರ್ ಸ್ವಲ್ಪ ಕಡಿಮೆ ತೋರಿಸುತ್ತದೆ, ಯಾಕಂದ್ರೆ ಈ ಸಂಖ್ಯೆಗಳು ತೀರಾ ತೆಳುವಾದ ದ್ರಾವಣಕ್ಕೆ ಸೇರಿದವು. ಲೀಟರಿಗೆ 0.01 ಮೋಲ್ ಇರುವಾಗ ಅಯಾನುಗಳು ಒಂದನ್ನೊಂದು ಆಗಲೇ ಸ್ವಲ್ಪ ಜಗ್ಗುತ್ತಿರುತ್ತವೆ. ಲೆಕ್ಕ ಸುಲಭವಾಗಲಿ ಅಂತ ಆ ಚೂರನ್ನು ಬಿಟ್ಟುಬಿಡೋಣ.

ಪ್ರತ್ಯಾಮ್ಲ ಹಾಕುತ್ತಾ ಹೋದಂತೆ ಮೀಟರ್ ಇಳಿಯುತ್ತದೆ. ಒಂದು ಮಿಲಿಲೀಟರ್ ಮುಗಿದಾಗ 1.26ಕ್ಕೆ ಬಂದು ನಿಲ್ಲುತ್ತದೆ. ಇನ್ನೂ ಒಂದು ಮಿಲಿಲೀಟರ್ ಹಾಕಿದರೆ ಮತ್ತೆ ಮೇಲೆ ಹತ್ತಿ 3.74ರ ಹತ್ತಿರ ಹೋಗುತ್ತದೆ. ಗ್ರಾಫ್ ಎಳೆದರೆ ಇಂಗ್ಲಿಷಿನ 'ವಿ' ಅಕ್ಷರ. ಆ 'ವಿ'ಯ ತಳವೇ ತಟಸ್ಥ ಬಿಂದು.

ಇಳಿಯುವುದು ಯಾಕೆ ಅಂತ ಕೇಳಿದರೆ ಹೆಚ್ಚಿನವರು "ಆಮ್ಲ ಖರ್ಚಾಯಿತು, ಅಯಾನು ಕಡಿಮೆ ಆಯಿತು" ಅಂತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಿಂತು ಎಣಿಸಿ ನೋಡಿ. ಒಂದು ಹೈಡ್ರೋಜನ್ ಅಯಾನು ಹೈಡ್ರಾಕ್ಸೈಡ್ ಜೊತೆ ಸೇರಿ ನೀರಾಗುತ್ತದೆ, ನಿಜ. ಆದರೆ ಆ ಹೈಡ್ರಾಕ್ಸೈಡ್ ಜೊತೆ ಒಂದು ಸೋಡಿಯಂ ಅಯಾನು ಬಂದು ಬೀಕರಿನಲ್ಲೇ ಉಳಿಯಿತು. ಹೋದದ್ದು ಒಂದು, ಬಂದದ್ದು ಒಂದು. ತಟಸ್ಥ ಬಿಂದು ಬರುವ ತನಕ ಬೀಕರಿನಲ್ಲಿ ಅಯಾನುಗಳ ಒಟ್ಟು ಎಣಿಕೆ ಬದಲಾಗುವುದೇ ಇಲ್ಲ. ಆದರೂ ವಾಹಕತೆ ಮೂರನೇ ಒಂದು ಭಾಗಕ್ಕೂ ಕೆಳಗಿಳಿಯಿತು. 350ರ ಆಟಗಾರ ಹೋಗಿ 50ರ ಆಟಗಾರ ಬಂದದ್ದಷ್ಟೇ ಕಾರಣ. ಹೈಡ್ರೋಜನ್ ಅಯಾನಿನ ಸಂಖ್ಯೆಯೂ 70 ಆಗಿದ್ದಿದ್ದರೆ ಮೀಟರ್ 1.46ರಿಂದ 1.26ಕ್ಕೆ ಅಲುಗಾಡಿ ಸುಮ್ಮನಾಗುತ್ತಿತ್ತು. ಅಂಥ ಸಣ್ಣ ಇಳಿತಕ್ಕೆ 'ವಿ' ಅಂತ ಯಾರೂ ಕರೆಯುತ್ತಿರಲಿಲ್ಲ.

ಇಲ್ಲೇ ಟ್ರಾನ್ಸ್‌ಪೋರ್ಟ್ ನಂಬರ್ ಬರುತ್ತದೆ. ಕನ್ನಡದಲ್ಲಿ ಸಾಗಣೆ ಸಂಖ್ಯೆ ಅನ್ನಬಹುದು. ನಾನು ಅದನ್ನು ಪಾಲು ಅಂತ ಅರ್ಥ ಮಾಡಿಕೊಳ್ತೀನಿ: ಹರಿಯುವ ಒಟ್ಟು ವಿದ್ಯುತ್ತಿನಲ್ಲಿ ಯಾವ ಅಯಾನಿನ ಪಾಲು ಎಷ್ಟು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹೈಡ್ರೋಜನ್ ಪಾಲು 349.8ನ್ನು 426.1ರಿಂದ ಭಾಗಿಸಿದಷ್ಟು, ಅಂದರೆ 0.82. ಕ್ಲೋರೈಡ್ ಪಾಲು ಉಳಿದ 0.18. ಎರಡೂ ಸಮಸಮ ಸಂಖ್ಯೆಯಲ್ಲಿವೆ, ಹಾಗಾಗಿ ಕೆಲಸವೂ ಅರ್ಧರ್ಧ ಅಂತ ನಾವು ಅಂದುಕೊಳ್ತೀವಿ. ಅದು ತಪ್ಪು. ಈಗ ತಟಸ್ಥ ಬಿಂದುವಿಗೆ ಬನ್ನಿ. ಬೀಕರಿನಲ್ಲಿ ಇರುವುದು ಬರೀ ಉಪ್ಪುನೀರು. ಅಲ್ಲಿ ಸೋಡಿಯಂ ಪಾಲು 0.40, ಕ್ಲೋರೈಡ್ ಪಾಲು 0.60. ಕ್ಲೋರೈಡ್ ಅದೇ ಕ್ಲೋರೈಡ್, ವೇಗವೂ ಅದೇ 76.3. ಜೊತೆಗಾರ ಬದಲಾದ ಅಂತ ಅದರ ಪಾಲು 18ರಿಂದ 60 ನೂರಂಶಕ್ಕೆ ಏರಿತು. ವೇಗ ಅಯಾನಿನದು. ಪಾಲು ಮಾತ್ರ ಸಂಗಡ ಯಾರಿದ್ದಾರೆ, ಎಷ್ಟು ಮಂದಿ ಇದ್ದಾರೆ ಅನ್ನುವುದರ ಮೇಲೂ ನಿಂತಿದೆ. ತಟಸ್ಥ ಬಿಂದುವಿನಲ್ಲೂ ಹೈಡ್ರೋಜನ್ ಅಯಾನು ಇದೆ, ಲೀಟರಿಗೆ ಒಂದು ಕೋಟಿಯಲ್ಲಿ ಒಂದು ಭಾಗ ಮೋಲ್. ಅದರ ವೇಗ ಒಂದಿಷ್ಟೂ ಕಮ್ಮಿಯಾಗಿಲ್ಲ. ಆದರೆ ಪಾಲು ಹೆಚ್ಚುಕಮ್ಮಿ ಸೊನ್ನೆ.

ಇನ್ನೊಂದು ಮಾತು, ಮಾಡಿ ನೋಡುವವರಿಗೆ. ನನ್ನ ಮೊದಲ 'ವಿ'ಯ ತಳ ಚೂಪಾಗಿ ಬರಲಿಲ್ಲ, ದೋಣಿಯ ತಳದ ಹಾಗೆ ಮೊಂಡಾಗಿತ್ತು. ತಪ್ಪು ನನ್ನದೇ. ಸೋಡಿಯಂ ಹೈಡ್ರಾಕ್ಸೈಡ್ ಬಾಟಲಿ ಹಳೆಯದು, ಮುಚ್ಚಳ ಸಡಿಲ. ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಒಂದಿಷ್ಟು ಕಾರ್ಬೊನೇಟ್ ಆಗಿತ್ತು. ಹಾಗಾದಾಗ ಬಲವಾದ ಆಮ್ಲ ಮುಗಿದ ಕೂಡಲೇ ಹೈಡ್ರಾಕ್ಸೈಡ್ ಕೂಡಿಕೊಳ್ಳುವುದಿಲ್ಲ. ನಡುವೆ ದುರ್ಬಲವಾದ ಕಾರ್ಬೋನಿಕ್ ಆಮ್ಲ ಬೈಕಾರ್ಬೊನೇಟ್ ಆಗುವ ಒಂದು ಸೋಮಾರಿ ಹಂತ ಬರುತ್ತದೆ. ಬೈಕಾರ್ಬೊನೇಟ್ ನಿಧಾನದ ಅಯಾನು, ಅದಕ್ಕೇ ಗೆರೆ ಮೆಲ್ಲಗೆ ಏರುತ್ತದೆ. ಹೊಸ ದ್ರಾವಣ ಮಾಡಿದ ಮೇಲೆ ತಳ ಚೂಪಾಯಿತು. ಉಷ್ಣತೆಯನ್ನೂ ಗಮನಿಸಿ. ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ನೂರಕ್ಕೆ ಎರಡರಷ್ಟು ಏರುತ್ತದೆ.

ಸರಿ, ಈಗ ಮುಖ್ಯ ಪ್ರಶ್ನೆ. ಓಡದೇ ಮುಂದೆ ಹೋಗುವುದು ಹೇಗೆ?

ಹಳ್ಳಿ ಬಸ್ಸಿನ ಉದ್ದ ಸೀಟನ್ನು ನೆನಪಿಸಿಕೊಳ್ಳಿ. ಐದು ಜನ ಕೂತಿದ್ದಾರೆ. ಕಿಟಕಿಯ ಕಡೆ ಒಬ್ಬರು ಬಂದು "ಸ್ವಲ್ಪ ಸರೀರಿ" ಅಂತಾರೆ. ಒಬ್ಬೊಬ್ಬರೂ ಗೇಣಷ್ಟು ಸರಿಯುತ್ತಾರೆ. ಕೊನೆಗೆ ಈ ಕಡೆ ತುದಿಯಲ್ಲಿದ್ದವರು ಎದ್ದು ನಿಲ್ಲಬೇಕಾಗುತ್ತದೆ. ಹೆಚ್ಚಾದ ಒಬ್ಬ ಮನುಷ್ಯ ಆ ತುದಿಯಿಂದ ಈ ತುದಿಗೆ ಬಂದ ಹಾಗಾಯಿತು. ಆದರೆ ಯಾರೂ ಆ ದೂರ ನಡೆಯಲಿಲ್ಲ. ನೀರಿನಲ್ಲೂ ಹಾಗೇ. ಹೈಡ್ರೋನಿಯಂನಲ್ಲಿ ಮೂರು ಹೈಡ್ರೋಜನ್‌ಗಳಿವೆ. ಅವುಗಳಲ್ಲಿ ಒಂದು, ಹೈಡ್ರೋಜನ್ ಬಂಧದ ಗುಂಟ ಪಕ್ಕದ ನೀರಿನ ಅಣುವಿನ ಕಡೆಗೆ ಜಾರುತ್ತದೆ. ಅದು ಜಾರುವ ದೂರ ಒಂದು ಅಣುವಿನ ಅಗಲಕ್ಕಿಂತ ಕಡಿಮೆ. ಆದರೆ ಧನ ಆವೇಶ ಒಂದು ಅಣುವಿನಿಂದ ಪೂರ್ತಿ ಇನ್ನೊಂದಕ್ಕೆ ದಾಟಿತು. ಈಗ ಆ ಪಕ್ಕದವರು ಹೈಡ್ರೋನಿಯಂ. ಅವರು ತಮ್ಮ ಮೂರರಲ್ಲಿ ಬೇರೆ ಯಾವುದಾದರೂ ಒಂದನ್ನು ಮುಂದಿನವರಿಗೆ ಕೊಡಬಹುದು. ಹೊರಟ ಪ್ರೋಟಾನೇ ತಲುಪಬೇಕು ಅಂತಿಲ್ಲ.

ಈ ಕಲ್ಪನೆಗೆ ಗ್ರೋಟ್ಹುಸ್ ಅವರ ಹೆಸರಿದೆ. ಥಿಯೋಡೋರ್ ಫಾನ್ ಗ್ರೋಟ್ಹುಸ್ ಹುಟ್ಟಿದ್ದು 1785ರಲ್ಲಿ, ನಾನೀಗ ಇರುವ ಜರ್ಮನಿಯ ಲೈಪ್ಜಿಗ್ ಊರಿನಲ್ಲಿ. 1806ರ ಹೊತ್ತಿಗೆ ಅವರು ನೀರಿನ ವಿದ್ಯುತ್ ವಿಭಜನೆಯ ಬಗ್ಗೆ ಬರೆದಾಗ ವಯಸ್ಸು ಇಪ್ಪತ್ತರ ಆಚೀಚೆ. ಅವರ ಒಗಟು ಬೇರೆ ಇತ್ತು. ಒಂದು ತಂತಿಯಲ್ಲಿ ಹೈಡ್ರೋಜನ್, ದೂರದ ಇನ್ನೊಂದು ತಂತಿಯಲ್ಲಿ ಆಕ್ಸಿಜನ್ ಏಳುತ್ತದೆ, ನಡುವಿನ ನೀರಿನಲ್ಲಿ ಮಾತ್ರ ಏನೂ ಕಾಣುವುದಿಲ್ಲ, ಯಾಕೆ? ಸಾಲಿನಲ್ಲಿರುವ ಅಣುಗಳು ಪಕ್ಕದವರ ಜೊತೆ ಪಾಲುದಾರರನ್ನು ಅದಲುಬದಲು ಮಾಡಿಕೊಳ್ಳುತ್ತವೆ ಅಂದರು. ಆಗ ನೀರು H₂O ಅಂತ ಇನ್ನೂ ಗೊತ್ತಿರಲಿಲ್ಲ. ಪ್ರೋಟಾನ್ ಅನ್ನುವ ಪದವೇ ಇರಲಿಲ್ಲ. ಹೈಡ್ರೋಜನ್ ಅಯಾನಿನ ವೇಗಕ್ಕೆ ಈ ಕಲ್ಪನೆಯನ್ನು ಹಚ್ಚಿದ್ದು ನೂರು ವರ್ಷದ ಮೇಲಿನವರು.

ಇಲ್ಲಿ ನನ್ನ ಎರಡನೇ ತಕರಾರು ಇದೆ. "ಚಿಕ್ಕದು, ಅದಕ್ಕೇ ವೇಗ" ಅನ್ನುವುದನ್ನು ಬಿಟ್ಟವರು ಸಾಮಾನ್ಯವಾಗಿ ಹಿಡಿದುಕೊಳ್ಳುವ ಚಿತ್ರ ಇನ್ನೊಂದಿದೆ. ಸಾಲಾಗಿ ನಿಲ್ಲಿಸಿದ ಇಸ್ಪೀಟ್ ಎಲೆಗಳಲ್ಲಿ ಮೊದಲನೆಯದನ್ನು ತಳ್ಳಿದರೆ ಕಡೆಯದರ ತನಕ ದಡದಡ ಬೀಳುವ ಚಿತ್ರ. ನನ್ನ ಬಸ್ ಸೀಟಿನ ಉಪಮೆಯಲ್ಲೂ ಆ ದೋಷ ಇದೆ, ಎಲ್ಲರೂ ಒಟ್ಟಿಗೇ ಸರಿದುಬಿಡುತ್ತಾರೆ. ನೀರಿನಲ್ಲಿ ಅಷ್ಟು ಸಲೀಸಿಲ್ಲ. ಪ್ರೋಟಾನ್ ಜಾರುವುದು ಕಷ್ಟವೇ ಅಲ್ಲ, ಅದು ಕ್ಷಣಾರ್ಧದ ಕೆಲಸ. ಹೊತ್ತು ಹಿಡಿಯುವುದು ಕಾಯುವುದರಲ್ಲಿ.

ಯಾತಕ್ಕೆ ಕಾಯಬೇಕು? ನೀರಿನ ಒಂದು ಅಣು ಸಾಮಾನ್ಯವಾಗಿ ನಾಲ್ಕು ಹೈಡ್ರೋಜನ್ ಬಂಧಗಳಲ್ಲಿ ಇರುತ್ತದೆ. ತನ್ನ ಎರಡು ಹೈಡ್ರೋಜನ್‌ಗಳನ್ನು ಇಬ್ಬರತ್ತ ಚಾಚಿರುತ್ತದೆ, ಇನ್ನಿಬ್ಬರು ತಮ್ಮ ಹೈಡ್ರೋಜನ್‌ಗಳನ್ನು ಇದರ ಆಕ್ಸಿಜನ್ ಕಡೆಗೆ ಚಾಚಿರುತ್ತಾರೆ. ಹೈಡ್ರೋನಿಯಂ ಹಾಗಲ್ಲ. ಅದು ಮೂವರತ್ತ ಕೈ ಚಾಚುತ್ತದೆ, ಆದರೆ ಧನ ಆವೇಶ ಹೊತ್ತಿರುವ ಅದರ ಆಕ್ಸಿಜನ್ ಕಡೆಗೆ ಯಾರೂ ಕೈ ಚಾಚುವುದಿಲ್ಲ. ಈಗ ಹೈಡ್ರೋನಿಯಂ ಪಕ್ಕದಲ್ಲಿರುವ ನೀರಿನ ಅಣು ನೋಡಿ. ಅದು ಎರಡು ಕೈಗಳನ್ನು ಹಿಡಿದಿದೆ, ಒಂದು ಹೈಡ್ರೋನಿಯಂನದು, ಇನ್ನೊಂದು ಆಚೆ ಸಾಲಿನ ಯಾವುದೋ ನೀರಿನ ಅಣುವಿನದು. ತಾನೇ ಹೈಡ್ರೋನಿಯಂ ಆಗಬೇಕಾದರೆ ಆ ಎರಡನೇ ಕೈ ಮೊದಲು ಬಿಡಬೇಕು. ಆ ಬಂಧ ತನ್ನಷ್ಟಕ್ಕೆ ಮುರಿಯುವ ತನಕ ಪ್ರೋಟಾನ್ ಅತ್ತಿತ್ತ ತುಯ್ದಾಡುತ್ತದೆ, ಒಮ್ಮೆ ಪಕ್ಕದವರ ಕಡೆ ವಾಲಿ ಮತ್ತೆ ಹಿಂದಕ್ಕೆ ಬರುತ್ತದೆ. ಬಂಧ ಮುರಿದ ಕೂಡಲೇ ದಾಟಿಬಿಡುತ್ತದೆ. ನೋಮ್ ಅಗ್ಮೋನ್ 1995ರಲ್ಲಿ ಸ್ಪಷ್ಟವಾಗಿ ವಾದಿಸಿದ್ದು ಇದನ್ನೇ: ವೇಗ ನಿರ್ಧರಿಸುವುದು ಪ್ರೋಟಾನ್ ಅಲ್ಲ, ಒಂದು ಮನೆ ಆಚೆ ಮುರಿಯಬೇಕಾದ ಹೈಡ್ರೋಜನ್ ಬಂಧ.

ಹೀಗೆ ಕಾದು ದಾಟಲು ಸರಾಸರಿ ಹಿಡಿಯುವ ಹೊತ್ತು ಸುಮಾರು ಒಂದೂವರೆ ಪಿಕೋಸೆಕೆಂಡ್, ಅಂದರೆ ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದೂವರೆ ಭಾಗ. ದಾಟುವ ದೂರ, ಆಕ್ಸಿಜನ್‌ನಿಂದ ಆಕ್ಸಿಜನ್‌ಗೆ, ಸುಮಾರು ಎರಡೂವರೆ ಆಂಗ್‌ಸ್ಟ್ರಮ್. ಇವೆರಡನ್ನು ಅಡ್ಡಾದಿಡ್ಡಿ ನಡಿಗೆಯ ಸರಳ ಸೂತ್ರಕ್ಕೆ ಹಾಕಿದರೆ, ಅಂದರೆ ದೂರದ ವರ್ಗವನ್ನು ಆರು ಪಟ್ಟು ಹೊತ್ತಿನಿಂದ ಭಾಗಿಸಿದರೆ, ಹರಡುವ ದರ 7ರ ಹತ್ತಿರ ಬರುತ್ತದೆ. ಏಕಮಾನ ಬಿಡಿ, ಹೋಲಿಕೆ ನೋಡಿ. ಅದೇ ಅಳತೆಯಲ್ಲಿ ನೀರಿನ ಅಣುವಿನದು 2.3, ಹೈಡ್ರೋಜನ್ ಅಯಾನಿನದು 9.3. ಮೈ ಹೊತ್ತು ಅಲೆಯುವುದರಿಂದ 2.3, ಹಸ್ತಾಂತರದಿಂದ 7, ಕೂಡಿದರೆ 9.3. ಇದು ಒರಟು ಲೆಕ್ಕ, ಇಷ್ಟು ಚೆನ್ನಾಗಿ ಹೊಂದಿದ್ದರಲ್ಲಿ ಸ್ವಲ್ಪ ಅದೃಷ್ಟವೂ ಇದೆ. ಆದರೆ "ಚಿಕ್ಕದು" ಅನ್ನುವ ವಿವರಣೆಯಿಂದ ಇಂಥ ಒಂದು ಸಂಖ್ಯೆಯನ್ನೂ ಪಡೆಯಲಾಗದು.

ಹೈಡ್ರಾಕ್ಸೈಡ್ ಕಥೆಯೂ ಹೀಗೇ, ಆದರೆ ಕನ್ನಡಿಯ ಪ್ರತಿಬಿಂಬ ಅಲ್ಲ. ಅಲ್ಲಿ ಇರುವುದು ಕೊರತೆ, ಒಂದು ಪ್ರೋಟಾನ್ ಕಮ್ಮಿ. ಪಕ್ಕದ ನೀರಿನಿಂದ ಒಂದನ್ನು ಕಸಿದುಕೊಂಡರೆ ಕೊರತೆ ಪಕ್ಕಕ್ಕೆ ದಾಟುತ್ತದೆ. ಬಹುಕಾಲ ಪುಸ್ತಕಗಳು ಅಷ್ಟಕ್ಕೇ ನಿಲ್ಲಿಸುತ್ತಿದ್ದವು. ಹಾಗಾದರೆ ಎರಡರ ವೇಗ ಒಂದೇ ಇರಬೇಕಿತ್ತಲ್ಲ? 350 ಎಲ್ಲಿ, 198 ಎಲ್ಲಿ. ಟಕರ್‌ಮನ್, ಮಾರ್ಕ್ಸ್ ಮತ್ತು ಪರಿನೆಲ್ಲೊ 2002ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದ ಚಿತ್ರ ಹೀಗಿದೆ. ಹೈಡ್ರಾಕ್ಸೈಡ್‌ನ ಆಕ್ಸಿಜನ್ ಹೆಚ್ಚಿನ ಹೊತ್ತು ಮೂರಲ್ಲ, ನಾಲ್ಕು ನೀರಿನ ಅಣುಗಳ ಕೈ ಹಿಡಿದಿರುತ್ತದೆ. ಅದು ನೀರಾಗಿ ಬದಲಾಗಬೇಕಾದರೆ ನೀರಿನ ಹಾಗೆ ಕಾಣಬೇಕು: ಒಂದು ಕೈ ಬಿಡಬೇಕು, ತನ್ನ ಹೈಡ್ರೋಜನ್‌ನಿಂದ ಇನ್ನೊಬ್ಬರ ಕೈ ಹಿಡಿಯಬೇಕು. ಎರಡೂ ಕೂಡಿಬರುವುದು ಅಪರೂಪ, ಹಾಗಾಗಿ ಕಾಯುವುದು ಜಾಸ್ತಿ. ಈ ದಾಟುವಿಕೆ ಒಂದೊಂದೇ ಹೆಜ್ಜೆಯೋ, ಎರಡು ಮೂರು ಒಟ್ಟಿಗೇ ಬರುವ ದಾಪುಗಾಲೋ ಅನ್ನುವ ಚರ್ಚೆ ಇನ್ನೂ ನಡೆದಿದೆ. ಆದರೆ ನಿಯಮ ಎರಡಕ್ಕೂ ಒಂದೇ. ನೀನು ಏನಾಗಬೇಕೋ ಅದರ ನೆರೆಹೊರೆ ಮೊದಲು ಸಿದ್ಧವಾಗಬೇಕು, ಆಮೇಲೆ ಪ್ರೋಟಾನ್.

"ಆಯ್ತಪ್ಪ, ವಿವರಣೆ ತಪ್ಪಿದ್ದರೂ ಉತ್ತರ ಸರಿ ಇದೆಯಲ್ಲ, ವೇಗ ಅನ್ನೋದು ನಿಜ ತಾನೇ" ಅಂತ ನೀವು ಕೇಳಬಹುದು. ಜೀವಶಾಸ್ತ್ರಜ್ಞನಾಗಿ ನಾನು ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂತ ಈಗ ಹೇಳ್ತೀನಿ.

ನಮ್ಮ ಜೀವಕೋಶಗಳ ಪೊರೆಯಲ್ಲಿ ಅಕ್ವಾಪೋರಿನ್ ಅನ್ನುವ ಪ್ರೋಟೀನ್ ಇದೆ. ಬರೀ ನೀರಿಗಾಗಿ ಇರುವ ಬಾಗಿಲು. ಪೀಟರ್ ಆಗ್ರೆ ಅವರಿಗೆ 2003ರ ರಸಾಯನಶಾಸ್ತ್ರದ ನೊಬೆಲ್ ತಂದುಕೊಟ್ಟದ್ದು ಇದರ ಶೋಧ. ಇದರೊಳಗೆ ನೀರಿನ ಅಣುಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತವೆ, ಒಂದು ಬಾಗಿಲಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ಅಣುಗಳು. ಮೂತ್ರಪಿಂಡ ನೀರನ್ನು ಮತ್ತೆ ರಕ್ತಕ್ಕೆ ಹೀರಿಕೊಳ್ಳುವುದರಲ್ಲಿ ಈ ಬಾಗಿಲುಗಳ ಕೆಲಸ ದೊಡ್ಡದು. ಆದರೆ ಇವು ಹೈಡ್ರೋಜನ್ ಅಯಾನನ್ನು ಬಿಡುವುದಿಲ್ಲ. ಬಿಟ್ಟರೆ ಕೆಟ್ಟಿತು, ಕೋಶದ ಒಳಗಿನ ಮತ್ತು ಹೊರಗಿನ ಆಮ್ಲೀಯತೆಯ ವ್ಯತ್ಯಾಸವೇ ಸೋರಿಹೋಗುತ್ತದೆ.

"ಚಿಕ್ಕದು" ಅನ್ನುವ ವಿವರಣೆ ಹಿಡಿದವನಿಗೆ ಇದು ಅರ್ಥವೇ ಆಗದು. ನೀರು ನುಗ್ಗುವ ತೂತಿನಲ್ಲಿ ನೀರಿಗಿಂತ ಚಿಕ್ಕದು ಯಾಕೆ ನುಗ್ಗುವುದಿಲ್ಲ? ಅವನು ಜರಡಿಯ ಲೆಕ್ಕದಲ್ಲಿ ಯೋಚಿಸುತ್ತಾನೆ, ಜರಡಿಯ ಲೆಕ್ಕಕ್ಕೆ ಇಲ್ಲಿ ಉತ್ತರ ಇಲ್ಲ. ಹಸ್ತಾಂತರ ಅರ್ಥವಾದವನಿಗೆ ಮಾತ್ರ ನಿಜವಾದ ಅಪಾಯ ಕಾಣುತ್ತದೆ. ಸಾಲಾಗಿ ನಿಂತ ನೀರಿನ ಅಣುಗಳು ಅಂದರೆ ಪ್ರೋಟಾನ್ ದಾಟಿಸಲು ಹೇಳಿ ಮಾಡಿಸಿದ ತಂತಿ! ಅದು ಬರೀ ಊಹೆಯಲ್ಲ. ಗ್ರಾಮಿಸಿಡಿನ್ ಅನ್ನುವ ಬ್ಯಾಕ್ಟೀರಿಯಾದ ಪ್ರತಿಜೀವಕ ಪೊರೆಯಲ್ಲಿ ಕೊರೆಯುವ ಕಾಲುವೆಯಲ್ಲೂ ನೀರು ಹೀಗೇ ಸಾಲಾಗಿ ನಿಲ್ಲುತ್ತದೆ, ಅಲ್ಲಿ ಹೈಡ್ರೋಜನ್ ಅಯಾನು ಬಹಳ ಸಲೀಸಾಗಿ ದಾಟುತ್ತದೆ. ಎರಡರಲ್ಲೂ ಅದೇ ಒಂಟಿ ಸಾಲಿನ ನೀರು, ಫಲ ಮಾತ್ರ ತದ್ವಿರುದ್ಧ.

ಅಕ್ವಾಪೋರಿನ್ ಮಾಡುವುದೇನು? ಅದರ ನಡುವಿನಲ್ಲಿ ಎರಡು ಆಸ್ಪರಜಿನ್ ಅಮೈನೋ ಆಮ್ಲಗಳಿವೆ. ಅಲ್ಲಿಗೆ ಬಂದ ನೀರಿನ ಅಣು ತನ್ನ ಆಕ್ಸಿಜನ್ನನ್ನು ಅವುಗಳ ಕಡೆ ತಿರುಗಿಸಲೇಬೇಕು. ಹಾಗಾಗಿ ನಡುವಿನಿಂದ ಎರಡೂ ಕಡೆಗೆ ಅಣುಗಳು ಬೆನ್ನು ಹಾಕಿ ನಿಂತ ಹಾಗಾಗುತ್ತದೆ, ಸಾಲಿನ ಕೈ ಹಿಡಿಯುವ ದಿಕ್ಕು ನಡುವೆ ತಿರುಗಿಬೀಳುತ್ತದೆ. ಜೊತೆಗೆ ಆ ನಡುವಿನ ಜಾಗದಲ್ಲಿ ಪ್ರೋಟೀನಿನ ಸುರುಳಿಗಳ ಧನ ತುದಿಗಳು ಇವೆ, ಧನ ಆವೇಶ ಅಲ್ಲಿ ಬಂದು ಕೂರುವುದೇ ದುಬಾರಿ. ಮೊದಲು ತಡೆಗೆ ದಿಕ್ಕಿನ ತಿರುವೇ ಕಾರಣ ಅಂತ ಹೇಳುತ್ತಿದ್ದರು. ಆಮೇಲಿನ ಲೆಕ್ಕಾಚಾರಗಳು ಹೆಚ್ಚಿನ ತೂಕ ಕೊಟ್ಟಿದ್ದು ವಿದ್ಯುತ್ ಏರಿಗೆ. ಎರಡರಲ್ಲಿ ಯಾವುದಾದರೂ ಆಗಲಿ, ತಡೆ ತೂತಿನ ಅಗಲದಲ್ಲಿಲ್ಲ. ನೀರು ಮೈಯೊಂದಿಗೆ ಹೋಗಬಹುದು, ಆವೇಶದ ಹಸ್ತಾಂತರ ಮಾತ್ರ ನಡೆಯಕೂಡದು, ಹಾಗಿದೆ ಅದರ ಏರ್ಪಾಡು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಪಾಠ ಮಾಡುವವರು, ನನ್ನ ಹಾಗೆ ಮೈಕ್ ಮುಂದೆ ಮಾತಾಡುವವರು, ಮೊದಲು ಆ ನಾಲ್ಕು ಸಂಖ್ಯೆ ಮುಂದಿಡಲಿ: ಲಿಥಿಯಂ 38.7, ಸೋಡಿಯಂ 50.1, ಪೊಟ್ಯಾಸಿಯಂ 73.5, ಹೈಡ್ರೋಜನ್ 349.8. ಮೊದಲ ಮೂರಕ್ಕೆ ಹೊಂದುವ ಯಾವ ವಿವರಣೆಯೂ ನಾಲ್ಕನೆಯದಕ್ಕೆ ಹೊಂದುವುದಿಲ್ಲ ಅಂತ ಮಕ್ಕಳೇ ಕಂಡುಕೊಳ್ಳಲಿ. ಆಮೇಲೆ ಹಸ್ತಾಂತರದ ಮಾತು ಬರಲಿ. ಪರೀಕ್ಷೆಗೆ ಎರಡು ಅಂಕದ ಉತ್ತರ ಬೇಕಾದರೆ ಅದನ್ನೂ ಒಂದೇ ಸಾಲಿನಲ್ಲಿ ಹೇಳಬಹುದು: ಹೈಡ್ರೋಜನ್ ಅಯಾನು ನೀರಿನೊಳಗೆ ಈಜುವುದಿಲ್ಲ, ನೀರೇ ಅದನ್ನು ಕೈ ಬದಲಾಯಿಸುತ್ತದೆ. "ಚಿಕ್ಕದು" ಅನ್ನುವ ಸಾಲಿಗಿಂತ ಇದು ಉದ್ದವೇನಲ್ಲ.

ಲಿಥಿಯಂ ಬಗ್ಗೆ ಕೇಳಿದ ಮೇಷ್ಟ್ರಿಗೆ ಉತ್ತರ ಬರೆದಿದ್ದೀನಿ, ಈ ಸಂಚಿಕೆಯ ಹಸ್ತಪ್ರತಿಯನ್ನೂ ಕಳಿಸಿದ್ದೆ. ಬೈಕಾರ್ಬೊನೇಟ್ ಭಾಗದಲ್ಲಿ ಒಂದು ವಾಕ್ಯ ತಿದ್ದಿ ವಾಪಸ್ ಕಳಿಸಿದರು, ಅದನ್ನು ಸೇರಿಸಿಕೊಂಡಿದ್ದೀನಿ. ಮೈಟೋಕಾಂಡ್ರಿಯ ಸಂಚಿಕೆಯ ಬರಹದಲ್ಲೂ ಆ ತಪ್ಪು ಸಾಲನ್ನು ಹಾಗೇ ಬಿಟ್ಟು, ಕೆಳಗೆ ತಿದ್ದುಪಡಿ ಹಾಕಿದ್ದೀವಿ.